ಕೇಂದ್ರ ಪದ್ಧತಿಯ ವ್ಯಾಯಾಮ ಪಾಠ

ಒಂದು ತರಗತಿಯ ವಿದ್ಯಾರ್ಥಿಗಳನ್ನು ಸಮಾನ ಸಂಖ್ಯೆಯ ಸಣ್ಣ ಗುಂಪುಗಳಾಗಿ ವಿಭಾಗಿಸಿ, ಅಂಗಳದಲ್ಲಿ ಮೊದಲೇ ಗುರುತುಮಾಡಿದ ಹಲವು ಸ್ಥಳಗಳಲ್ಲಿ ಒಂದೊಂದು ಗುಂಪನ್ನು ನಿಲ್ಲಿಸಿ, ಪ್ರತಿಯೊಂದು ಸ್ಥಳದಲ್ಲಿಯೂ ಬೇರೆಬೇರೆ ಕೌಶಲವನ್ನು ನಿಯತ ಕಾಲದವರೆಗೆ ಅಭ್ಯಾಸಮಾಡಿಸಿ, ಸೀಟಿಯ ಸಂಜ್ಞೆಗೆ ಎಲ್ಲ ಗುಂಪುಗಳೂ ಏಕಕಾಲದಲ್ಲಿ ಮುಂದಿನ ಸ್ಥಳಕ್ಕೆ ಸರಿಯುವಂತೆ ಏರ್ಪಡಿಸಿದ ಪಾಠಕ್ರಮಕ್ಕೆ ಕೇಂದ್ರ ಪದ್ಧತಿಯ ಪಾಠವೆಂದು ಹೆಸರು. ಶಾಲೆಗಳ ಆಟದ ಮೇಷ್ಟ್ರುಗಳು ಇಂಥ ಸ್ಥಳವನ್ನು ಸಾಮಾನ್ಯವಾಗಿ ‘ಸ್ಟೇಷನ್’ ಎಂದೇ ಕರೆಯುತ್ತಾರೆ. ಮಕ್ಕಳು ಅಧಿಕವಾಗಿಯೂ ಚೆಂಡುಗಳು ವಿರಳವಾಗಿಯೂ ಇರುವ ಶಾಲೆಗಳಲ್ಲಿ, ಮೂವತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಸರದಿಗಾಗಿ ಕಾಯಿಸುವುದಕ್ಕೆ ಪ್ರತಿಯಾಗಿ ಈ ಕ್ರಮವನ್ನು ಅವಲಂಬಿಸುವುದುಂಟು. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಶಾಲಾ ಅಂಗಳಗಳಿಗೆ ಹೊಂದುವಂತೆ ಯೋಜಿಸಿದ ಒಂದು ಪಾಠವನ್ನು ಆಧಾರವಾಗಿಟ್ಟುಕೊಂಡು ಈ ಪದ್ಧತಿಯ ಸ್ವರೂಪವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಅಲ್ಪ ಸಾಮಗ್ರಿಯಿಂದ ಅನೇಕರಿಗೆ ಏಕಕಾಲದಲ್ಲಿ ಅಭ್ಯಾಸ ಒದಗಿಸುವ ಉಪಾಯ ಕನ್ನಡನಾಡಿಗೆ ಹೊಸದಲ್ಲ. ಮೈಸೂರು, ಬೆಂಗಳೂರುಗಳ ಗರಡಿಮನೆಗಳಲ್ಲಿ ಒಂದು ಜೋಡಿ ಮಟ್ಟಿಯ ಮೇಲೆ ಕುಸ್ತಿ ಹಿಡಿದಿರುವಾಗ ಉಳಿದವರು ಸುಮ್ಮನೆ ನೋಡುತ್ತ ನಿಲ್ಲುತ್ತಿರಲಿಲ್ಲ; ಒಬ್ಬನು ದಂಡ ಹೊಡೆಯುತ್ತಿದ್ದರೆ, ಇನ್ನೊಬ್ಬನು ಬಸ್ಕಿ ತೆಗೆಯುತ್ತಿದ್ದನು, ಮತ್ತೊಬ್ಬನು ಗದೆಯನ್ನು ಭುಜದ ಸುತ್ತ ತಿರುಗಿಸುತ್ತಿದ್ದನು. ಗದೆ ಒಂದೇ ಇದ್ದರೂ ಅದಕ್ಕಾಗಿ ಯಾರೂ ಕೈಕಟ್ಟಿ ಕಾಯಬೇಕಾಗಿರಲಿಲ್ಲ. ಆದರೆ ಅಲ್ಲಿ ಸರದಿಯನ್ನು ನಿಯಮಿಸುತ್ತಿದ್ದುದು ಗಡಿಯಾರವಲ್ಲ, ಉಸ್ತಾದರ ಕಣ್ಣು.

ಗಡಿಯಾರವನ್ನು ಆಧರಿಸಿದ ಆಧುನಿಕ ರೂಪವನ್ನು 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಆರ್. ಇ. ಮಾರ್ಗನ್ ಮತ್ತು ಜಿ. ಟಿ. ಆಡಮ್ಸನ್ ಎಂಬಿಬ್ಬರು ಬೆಳಸಿದರು. ಅವರ ‘ಸರ್ಕಿಟ್ ಟ್ರೈನಿಂಗ್’ ಶರೀರದಾರ್ಢ್ಯವನ್ನು ಉದ್ದೇಶಿಸಿದ್ದಿತು. ವಿದ್ಯಾರ್ಥಿಯು ಒಂದು ವ್ಯಾಯಾಮದಿಂದ ಇನ್ನೊಂದಕ್ಕೆ ವಿರಾಮವಿಲ್ಲದೆ ಹೋಗುತ್ತ ದಣಿಯಬೇಕೆಂಬುದೇ ಅದರ ಆಶಯ. ಕೌಶಲದ ಪಾಠಕ್ಕೆ ಆ ಚೌಕಟ್ಟು ಒದಗುತ್ತದೆಯೇ ಹೊರತು ಆ ಆಶಯ ಒದಗುವುದಿಲ್ಲ. ಏಕೆಂದರೆ ದಣಿದ ಕೈಕಾಲುಗಳು ತಪ್ಪಾದ ಚಲನೆಯನ್ನೇ ರೂಢಿಮಾಡಿಕೊಳ್ಳುತ್ತವೆ. 1966ರಲ್ಲಿ ದೈಹಿಕ ಶಿಕ್ಷಣದ ಬೋಧನಾ ಶೈಲಿಗಳನ್ನು ವರ್ಗೀಕರಿಸಿದ ಮಸ್ಕಾ ಮಾಸ್ಟನ್ ಎಂಬ ವಿದ್ವಾಂಸನು, ಶಿಕ್ಷಕನು ಕೆಲಸವನ್ನು ನಿಗದಿಪಡಿಸಿ, ಅದನ್ನು ನೆರವೇರಿಸುವ ವೇಗವನ್ನು ವಿದ್ಯಾರ್ಥಿಗೆ ಬಿಟ್ಟುಕೊಡುವ ಶೈಲಿಯನ್ನೂ, ಒಬ್ಬ ವಿದ್ಯಾರ್ಥಿಯ ಅಭ್ಯಾಸವನ್ನು ಇನ್ನೊಬ್ಬನೇ ಗಮನಿಸಿ ತಿದ್ದುವ ಪರಸ್ಪರ ಶೈಲಿಯನ್ನೂ ಬೇರೆಬೇರೆಯಾಗಿ ಗುರುತಿಸಿದನು. ಇಂದಿನ ಕೇಂದ್ರ ಪಾಠ ಇವೆರಡರ ಸಂಯೋಗವೆನ್ನಬಹುದು.

ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಇದರ ಸಮೀಪಬಂಧುವೊಂದು ಪರಿಚಿತವಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಅನಂತರ ರಾಜ್ಯದಾದ್ಯಂತ ಕೆಳಗಿನ ತರಗತಿಗಳಿಗೆ ವ್ಯಾಪಿಸಿದ ನಲಿ-ಕಲಿ ಪದ್ಧತಿಯಲ್ಲಿ, ಮಕ್ಕಳು ‘ತಟ್ಟೆ’ಗಳೆಂದು ಕರೆಯಲ್ಪಡುವ ಐದು ಗುಂಪುಗಳಲ್ಲಿ ಕುಳಿತು ಕಲಿಯುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ, ಮುಂದಿನವಕ್ಕೆ ಸಹಪಾಠಿಗಳ ಬೆಂಬಲ, ಕೊನೆಯದಕ್ಕೆ ಸ್ವಕಲಿಕೆ, ಹೀಗೆ ಶಿಕ್ಷಕರ ಸಮಯವನ್ನು ಅಗತ್ಯಕ್ಕೆ ತಕ್ಕಂತೆ ಹಂಚುವುದು ಅದರ ವ್ಯವಸ್ಥೆ. ಕೊಠಡಿಯೊಳಗೆ ಮೂರು ವರ್ಷ ಈ ರೀತಿ ಕುಳಿತೆದ್ದ ಮಗುವಿಗೆ ಅಂಗಳದಲ್ಲಿ ಗುಂಪಿನಿಂದ ಗುಂಪಾಗಿ ಸರಿಯುವುದನ್ನು ಹೊಸದಾಗಿ ಕಲಿಸಬೇಕಾಗುವುದಿಲ್ಲ.

ಪದ್ಧತಿಯ ಗಣಿತ

ಕೇಂದ್ರ ಪದ್ಧತಿಯ ವಿಷಯದಲ್ಲಿ ಸಾಮಾನ್ಯವಾದೊಂದು ತಪ್ಪು ಗ್ರಹಿಕೆಯಿದೆ. ಅದೇನೆಂದರೆ, ಗುಂಪು ಸಣ್ಣದಾದಮಾತ್ರಕ್ಕೆ ಪ್ರತಿಯೊಬ್ಬನಿಗೂ ಚೆಂಡು ಹೆಚ್ಚು ಬಾರಿ ದೊರೆಯುತ್ತದೆಯೆಂಬುದು. ಲೆಕ್ಕ ಹಾಕಿ ನೋಡಿದರೆ ನಿಜಾಂಶ ಬೇರೆಯಾಗಿ ತೋರುತ್ತದೆ.

ಶಾಲೆಯಲ್ಲಿ ಎರಡು ವಾಲಿಬಾಲುಗಳಿವೆ, ಮೂವತ್ತು ಮಕ್ಕಳಿದ್ದಾರೆ, ಅಭ್ಯಾಸಕ್ಕೆ 20 ನಿಮಿಷವಿದೆಯೆಂದು ಭಾವಿಸೋಣ. ಚೆಂಡನ್ನು ಎಸೆದು, ಪಾಸ್ ಮಾಡಿ, ಹಿಡಿಯುವ ಒಂದಾವರ್ತನಕ್ಕೆ 6 ಸೆಕೆಂಡು ಬೇಕೆಂದು ಇಟ್ಟುಕೊಂಡರೆ, ಹದಿನೈದು ಮಂದಿಯ ಎರಡು ಸಾಲುಗಳಲ್ಲಿ ಪ್ರತಿಯೊಬ್ಬನ ಸರದಿಯೂ 90 ಸೆಕೆಂಡಿಗೊಮ್ಮೆ ಬರುತ್ತದೆ. 20 ನಿಮಿಷ ಮುಗಿಯುವಷ್ಟರಲ್ಲಿ ಅವನು ಸುಮಾರು 13 ಬಾರಿ ಚೆಂಡನ್ನು ಮುಟ್ಟಿರುತ್ತಾನೆ. ಅದೇ ಎರಡು ಚೆಂಡುಗಳನ್ನು ಆರು ಮಂದಿಯ ಒಂದು ಕೇಂದ್ರದಲ್ಲಿಟ್ಟು, ಮೂವರಿಗೊಂದರಂತೆ ಕೊಟ್ಟು, 4 ನಿಮಿಷ ಅಭ್ಯಾಸಮಾಡಿಸಿದರೆ, ಒಂದೊಂದು ಚೆಂಡಿನಿಂದಲೂ 40 ಪಾಸುಗಳಾಗುತ್ತವೆ. ಮೂವರಿಗೆ ಹಂಚಿದರೆ ತಲೆಗೆ ಮತ್ತೆ ಸುಮಾರು 13. ಸಂಖ್ಯೆ ಒಂದಿಷ್ಟೂ ಬದಲಾಗಲಿಲ್ಲ. ಬದಲಾಗುವ ಕಾರಣವೂ ಇಲ್ಲ. ಏಕೆಂದರೆ ಎರಡು ಚೆಂಡುಗಳು 20 ನಿಮಿಷದಲ್ಲಿ ಮಾಡಬಹುದಾದ ದುಡಿಮೆ 400 ಪಾಸುಗಳು ಮಾತ್ರ, ಅದನ್ನು ಯಾವ ರೀತಿಯಲ್ಲಿ ಹಂಚಿದರೂ ಮೂವತ್ತು ಮಂದಿಗೆ ಬರುವ ಪಾಲು ಅಷ್ಟೆ.

ಹಾಗಾದರೆ ಈ ಪದ್ಧತಿಯ ಲಾಭವೆಲ್ಲಿದೆ? ಸಾಲಿನಲ್ಲಿ ನಿಂತ ಮಗು ಆ ಹದಿಮೂರು ಪಾಸುಗಳಿಗಾಗಿ ಇಡೀ 20 ನಿಮಿಷವನ್ನು ತೆರಬೇಕಾಯಿತು. ಕೇಂದ್ರದಲ್ಲಿ ನಿಂತ ಮಗು ತೆತ್ತದ್ದು 4 ನಿಮಿಷ. ಉಳಿದ 16 ನಿಮಿಷವೂ ಅದರ ಕೈಯಲ್ಲಿ ಉಳಿಯಿತು. ಚೆಂಡಿನ ಅಗತ್ಯವೇ ಇಲ್ಲದ, ಅಥವಾ ಅಗ್ಗದ ಸಾಮಗ್ರಿಯಿಂದ ನಡೆಯುವ ನಾಲ್ಕು ಕೌಶಲಗಳು ಆ ಕಾಲವನ್ನು ತುಂಬುತ್ತವೆ. ಕೇಂದ್ರ ಪದ್ಧತಿ ಚೆಂಡಿನ ದುಡಿಮೆಯನ್ನು ಹೆಚ್ಚಿಸುವುದಿಲ್ಲ, ಮಗುವಿನ ಕಾಯುವಿಕೆಯನ್ನು ಕಳೆಯುತ್ತದೆ. ಈ ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯೋಜನೆಯ ಮಿಕ್ಕೆಲ್ಲ ನಿರ್ಣಯಗಳೂ ತಾವಾಗಿಯೇ ಹೊರಡುತ್ತವೆ: ವಿರಳವಾದ ಸಾಮಗ್ರಿಯನ್ನೆಲ್ಲ ಒಂದೇ ಕೇಂದ್ರದಲ್ಲಿ ಸೇರಿಸಬೇಕು, ಉಳಿದ ಕೇಂದ್ರಗಳು ಅದರ ಹಂಗಿಲ್ಲದೆ ನಡೆಯಬೇಕು, ಮತ್ತು ಯಾವ ಕೇಂದ್ರದಲ್ಲಿಯೂ ಮತ್ತೆ ಹೊಸದಾಗಿ ಸಾಲೊಂದು ಹುಟ್ಟಬಾರದು.

ಅಂಗಳ ಮತ್ತು ಸಾಮಗ್ರಿ

ಪಶ್ಚಿಮ ಬೆಂಗಳೂರಿನ ಅಂಗಳಗಳು ಏಕರೂಪವಾದವಲ್ಲ. ರಾಜಾಜಿನಗರದಲ್ಲಿಯೂ, ವಿಜಯನಗರ, ಬಸವೇಶ್ವರನಗರಗಳಲ್ಲಿಯೂ ಮನೆಗಳು ಒತ್ತೊತ್ತಾಗಿ ಬೆಳೆದಿರುವ ಬೀದಿಗಳಲ್ಲಿ, ಶಾಲೆಯ ಅಂಗಳವೆಂದರೆ ಅನೇಕ ವೇಳೆ ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಉಳಿದ, ಸಿಮೆಂಟು ಬಳಿದ ಅಥವಾ ಇಂಟರ್‌ಲಾಕ್ ಕಲ್ಲು ಹಾಸಿದ ಒಂದು ಪಟ್ಟಿ. ಕೆಂಗೇರಿಯ ಕಡೆಗೆ ಸಾಗಿದಂತೆ ಮಣ್ಣಿನ ಅಂಗಳ ದೊರೆಯುವ ಸಂಭವ ಹೆಚ್ಚು. ಮೈಸೂರು ರಸ್ತೆಯ ಬಳಿ, ಜ್ಞಾನಭಾರತಿಯ ಆವರಣದಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗವೂ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ಇದ್ದು, ಅಲ್ಲಿ ವಿಶಾಲವಾದ ಮೈದಾನಗಳಿವೆ. ಆದರೆ ಅಂಥ ಮೈದಾನದಲ್ಲಿ ಪಾಠಯೋಜನೆಯನ್ನು ಕಲಿತ ಶಿಕ್ಷಕನು ಉದ್ಯೋಗಕ್ಕೆ ಸೇರಿದ ಮೇಲೆ ಎದುರಿಸಬೇಕಾದುದು ಬಹುಮಟ್ಟಿಗೆ ಈ ಸಣ್ಣ ಅಂಗಳವನ್ನು.

ಆದುದರಿಂದ ಇಲ್ಲಿ ಆಧಾರವಾಗಿಟ್ಟುಕೊಂಡಿರುವುದು ಸುಮಾರು 24 ಮೀಟರ್ ಉದ್ದ, 15 ಮೀಟರ್ ಅಗಲದ ಒಂದು ಅಂಗಳ: ಒಂದು ಬದಿಗೆ ಶಾಲೆಯ ಕಟ್ಟಡ ಮತ್ತು ಕಿಟಕಿಗಳು, ಎದುರು ಬದಿಗೆ ಕಾಂಪೌಂಡು ಗೋಡೆ, ಒಂದು ತುದಿಯಲ್ಲಿ ಬೀದಿಗೆ ತೆರೆಯುವ ಗೇಟು, ಇನ್ನೊಂದು ತುದಿಯಲ್ಲಿ ಸ್ವಲ್ಪ ಮಣ್ಣು ನೆಲ. ತರಗತಿ ಏಳನೆಯದು, ಮಕ್ಕಳು ಮೂವತ್ತು, ಅವಧಿ 40 ನಿಮಿಷ. ಸಾಮಗ್ರಿಯೆಂದರೆ ಎರಡು ವಾಲಿಬಾಲು, ಮೂರು ಟೆನ್ನಿಸ್ ಚೆಂಡು, ಮೂರು ಹಗ್ಗ, ಒಂದು ಸೀಟಿ, ಗುರುತು ಹಾಕಲು ಸೀಮೆಸುಣ್ಣ ಅಥವಾ ಸುಣ್ಣದ ಪುಡಿ, ಮತ್ತು ಮರಳು ತುಂಬಿದ ನಾಲ್ಕು ನೀರಿನ ಬಾಟಲಿ. ಹಗ್ಗಗಳನ್ನು ಬಟ್ಟೆ ಒಣಹಾಕುವ ನೈಲಾನ್ ಹಗ್ಗದಿಂದ ಕತ್ತರಿಸಿಕೊಳ್ಳಬಹುದು; ಹಗ್ಗದ ನಡುವನ್ನು ಮೆಟ್ಟಿ ನಿಂತಾಗ ಎರಡು ತುದಿಗಳೂ ಕಂಕುಳಿನವರೆಗೆ ಬಂದರೆ ಅದು ಆ ಮಗುವಿಗೆ ಸರಿಯಾದ ಅಳತೆ.

ಮೂವತ್ತು ಮಂದಿಯನ್ನು ಆರು ಕೇಂದ್ರಗಳಲ್ಲಿ ಐವರಂತೆ ಹಂಚಬಹುದು, ಅಥವಾ ಐದು ಕೇಂದ್ರಗಳಲ್ಲಿ ಆರು ಮಂದಿಯಂತೆ ಹಂಚಬಹುದು. ಎರಡನೆಯದು ಮೇಲು. ಆರು ಮಂದಿಯನ್ನು ಮೂರು ಜೋಡಿಗಳಾಗಿಯೂ ಮಾಡಬಹುದು, ಮೂವರ ಎರಡು ತಂಡಗಳಾಗಿಯೂ ಮಾಡಬಹುದು. ಐವರಲ್ಲಾದರೋ ಜೋಡಿ ಕಟ್ಟಿದಾಗಲೆಲ್ಲ ಒಬ್ಬನು ಉಳಿದುಬಿಡುತ್ತಾನೆ, ಹಾಗೆ ಉಳಿಯುವವನು ಬಹುತೇಕ ಪ್ರತಿ ಸಲವೂ ಅದೇ ಒಬ್ಬ ಸಂಕೋಚದ ಹುಡುಗನಾಗಿರುತ್ತಾನೆ.

ಐದು ಕೇಂದ್ರಗಳು

ಮೊದಲನೆಯದು ಖೋ ಕೊಡುವ ಕೇಂದ್ರ. ನೆಲದ ಮೇಲೆ ಒಂದು ನೇರ ಗೆರೆಯೆಳೆದು, ಎರಡೆರಡು ಮೀಟರ್ ಅಂತರದಲ್ಲಿ ನಾಲ್ಕು ಚೌಕಗಳನ್ನು ಬರೆದು, ಗೆರೆಯ ಎರಡು ತುದಿಗಳಲ್ಲಿ ಕಂಬಕ್ಕೆ ಬದಲಾಗಿ ಬಾಟಲಿಗಳನ್ನಿಡಬೇಕು. ನಾಲ್ವರು ಚೌಕಗಳಲ್ಲಿ, ಒಬ್ಬನು ಪೂರ್ವಕ್ಕೆ ಮುಖಮಾಡಿದರೆ ಪಕ್ಕದವನು ಪಶ್ಚಿಮಕ್ಕೆ ಮುಖಮಾಡಿ, ಕುಳಿತುಕೊಳ್ಳುತ್ತಾರೆ. ಐದನೆಯವನು ಮೊದಲ ಚೌಕದವನ ಬೆನ್ನ ಹಿಂದಿನಿಂದ ಅಂಗೈಯಿಂದ ಮುಟ್ಟಿ ‘ಖೋ’ ಎಂದು ಗಟ್ಟಿಯಾಗಿ ನುಡಿದು ಆ ಚೌಕದಲ್ಲಿ ಕುಳಿತರೆ, ಎದ್ದವನು ತಾನು ಮುಖಮಾಡಿದ್ದ ಬದಿಗೆ ನುಗ್ಗಿ ಮುಂದಿನವನಿಗೆ ಖೋ ಕೊಡುತ್ತಾನೆ. ಮುಖಗಳು ಒಂದರ ನಂತರ ಒಂದು ವಿರುದ್ಧ ದಿಕ್ಕಿಗಿರುವುದರಿಂದ, ಎದ್ದವನು ತಾನಾಗಿಯೇ ಮುಂದಿನವನ ಬೆನ್ನ ಬದಿಗೆ ಬಂದಿರುತ್ತಾನೆ. ಕೊನೆಯವನು ಬಾಟಲಿಯನ್ನು ಸುತ್ತಿ ಇನ್ನೊಂದು ಬದಿಯಿಂದ ಹಿಂದಿರುಗಿದರೆ ಸರಪಳಿ ಹಾಗೆಯೇ ಮರಳಿ ನಡೆಯುತ್ತದೆ. ಆರನೆಯವನು ನೋಡುಗ, ಶಬ್ದ ಕೇಳುವ ಮೊದಲೇ ಯಾರಾದರೂ ಎದ್ದರೇ, ಮುಟ್ಟುವಿಕೆಯೂ ಶಬ್ದವೂ ಒಟ್ಟಿಗೆ ಬಂದವೇ ಎಂಬೆರಡನ್ನು ಮಾತ್ರ ಅವನು ಗಮನಿಸುತ್ತಾನೆ. ಸರಪಳಿ ಒಂದು ಸಲ ಹೋಗಿ ಬಂದಾಗ ನೋಡುಗನು ಆಟಕ್ಕಿಳಿದು, ಆಗ ಓಡುತ್ತಿದ್ದವನು ನೋಡುಗನಾಗುತ್ತಾನೆ.

ಎರಡನೆಯದು ಎಸೆತ ಮತ್ತು ಹಿಡಿತ. ಮೂರು ಜೋಡಿಗಳು, ಮೂರು ಟೆನ್ನಿಸ್ ಚೆಂಡುಗಳು, ನಡುವೆ ಎಂಟು ಹೆಜ್ಜೆಯ ಅಂತರ. ಭುಜದ ಮೇಲಿನಿಂದ ಎಸೆಯುವಾಗ ಹೊಸಬರು ಮಾಡುವ ಮುಖ್ಯ ತಪ್ಪು, ಎಸೆಯುವ ಕೈಯ ಬದಿಯ ಕಾಲನ್ನೇ ಮುಂದಿಡುವುದು. ಬಲಗೈಯವನು ಬಲಗಾಲು ಮುಂದಿಟ್ಟರೆ ಸೊಂಟ ತಿರುಗದೆ, ಬರಿಯ ತೋಳಿನ ಬಲದಿಂದ ಚೆಂಡು ಹೋಗುತ್ತದೆ. ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ನೆಲದ ಮೇಲೆ ಎರಡು ಪಾದಗಳ ಚಿತ್ರವನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಶಿಕ್ಷಕನು ಅಲ್ಲಿ ಇಲ್ಲದಿದ್ದರೂ ಚಿತ್ರವೇ ತಿದ್ದುತ್ತದೆ. ಎಡಗೈಯ ಮಕ್ಕಳಿಗಾಗಿ ಪ್ರತಿಬಿಂಬದಂತಿರುವ ಇನ್ನೊಂದು ಜೋಡಿ ಪಾದಗಳನ್ನೂ ಪಕ್ಕದಲ್ಲಿ ಬರೆಯುವುದನ್ನು ಮರೆಯಬಾರದು. ಎಸೆತದ ದಿಕ್ಕು ಕಾಂಪೌಂಡು ಗೋಡೆಗೆ ಸಮಾನಾಂತರವಾಗಿರಬೇಕೇ ಹೊರತು ಬೇರೊಂದು ಕೇಂದ್ರದ ಕಡೆಗಾಗಲಿ ಕಿಟಕಿಗಳ ಕಡೆಗಾಗಲಿ ಇರಕೂಡದು.

ಮೂರನೆಯದು ಕಬಡ್ಡಿಯ ದಾಳಿ; ಇದಕ್ಕೆ ಸಾಮಗ್ರಿಯೇ ಬೇಡ, ಆದರೆ ಮಣ್ಣು ನೆಲ ಬೇಕು. ನಡುಗೆರೆಯಿಂದ ಮೂರು ಮೀಟರ್ ದೂರದಲ್ಲಿ ಬಾಕ್ ಲೈನ್ ಎಳೆದು, ಮೂವರು ದಾಳಿಗಾರರು ಏಕಕಾಲದಲ್ಲಿ ತಮ್ಮ ತಮ್ಮ ಪಥದಲ್ಲಿ ‘ಕಬಡ್ಡಿ’ ಎಂದು ಉಸಿರು ಕಡಿಯದೆ ನುಡಿಯುತ್ತ ಹೋಗಿ, ಗೆರೆಯನ್ನು ದಾಟಿ, ಹಿಂದಿರುಗುತ್ತಾರೆ. ನಿಯಮದ ಪ್ರಕಾರ ಒಂದು ಪಾದ ಗೆರೆಯಾಚೆ ಊರಿದಾಗ ಇನ್ನೊಂದು ಪಾದ ನೆಲವನ್ನು ಬಿಟ್ಟಿರಬೇಕು. ಎರಡೂ ಕಾಲು ನೆಲದಲ್ಲಿದ್ದು ಒಂದು ಹಿಂದೆಯೇ ಉಳಿದರೆ ಗೆರೆ ದಾಟಿದಂತಾಗುವುದಿಲ್ಲ. ಜೊತೆಗಾರನು ಪಕ್ಕದಲ್ಲಿ ನಡೆಯುತ್ತ ಕಿವಿಯಿಂದ ಉಸಿರನ್ನೂ ಕಣ್ಣಿನಿಂದ ಹಿಂಗಾಲನ್ನೂ ಪರೀಕ್ಷಿಸುತ್ತಾನೆ. ಒಂದು ದಾಳಿಯಾದ ಕೂಡಲೆ ಪಾತ್ರಗಳು ಅದಲುಬದಲಾಗುತ್ತವೆ. ಹಿಡಿಯುವುದು, ಕೆಡಹುವುದು ಈ ಕೇಂದ್ರದಲ್ಲಿ ಪೂರ್ಣವಾಗಿ ನಿಷಿದ್ಧ. ಶಿಕ್ಷಕನು ದೂರದಲ್ಲಿರುವಾಗ ಅದಕ್ಕೆ ಆಸ್ಪದವೀಯಬಾರದು.

ನಾಲ್ಕನೆಯದು ವಾಲಿಬಾಲಿನ ಅಂಡರ್‌ಆರ್ಮ್ ಪಾಸ್. ವಿರಳವಾದ ಸಾಮಗ್ರಿಯೂ ಶಿಕ್ಷಕನೂ ಇರುವ ಕೇಂದ್ರವಿದು. ಮೂವರ ಎರಡು ತಂಡಗಳಲ್ಲಿ ಒಬ್ಬನು ಮೂರು ಮೀಟರ್ ದೂರದಿಂದ ಎರಡು ಕೈಯಿಂದಲೂ ಕೆಳಗಿನಿಂದ ಮೃದುವಾಗಿ ಎಸೆಯುತ್ತಾನೆ, ಒಬ್ಬನು ಪಾಸ್ ಮಾಡುತ್ತಾನೆ, ಮೂರನೆಯವನು ಹಿಂದೆ ನಿಂತು ಎಣಿಸುತ್ತ ತಪ್ಪಿದ ಚೆಂಡನ್ನು ತರುತ್ತಾನೆ. ಹದಿಮೂರು ಪಾಸುಗಳಾದ ಮೇಲೆ ಪಾತ್ರ ಬದಲಾವಣೆ. ಚೆಂಡು ಮಣಿಕಟ್ಟಿನ ಮೇಲ್ಗಡೆ, ಮುಂಗೈಗಳು ಕೂಡಿದ ಸಮತಲದಲ್ಲಿ ತಾಗಬೇಕು. ಬಲ ಬರಬೇಕಾದದ್ದು ಬಾಗಿದ ಮೊಣಕಾಲು ನೆಟ್ಟಗಾಗುವುದರಿಂದ, ತೋಳು ಬೀಸುವುದರಿಂದಲ್ಲ. ತಪ್ಪನ್ನು ಚೆಂಡಿನ ದಾರಿಯೇ ಹೇಳುತ್ತದೆ: ಅದು ಹಾರಿ ಆಟಗಾರನ ತಲೆಯ ಹಿಂದಕ್ಕೆ ಹೋದರೆ ತೋಳು ಬೀಸಿದ್ದಾನೆ; ಕೆಳಗೇ ಸಾಗಿ ಎಸೆದವನ ಕಾಲಿಗೆ ಬಡಿದರೆ ಕೈಗಳು ನೆಲದ ಕಡೆಗೆ ಇಳಿಬಿದ್ದಿವೆ; ಒಂದು ಪಕ್ಕಕ್ಕೆ ಸಿಡಿದರೆ ಎರಡು ಮುಂಗೈಗಳೂ ಸಮವಾಗಿಲ್ಲ. ಆದರೆ ಇವನ್ನು ತಿದ್ದುವ ಮೊದಲು ಎಸೆತವನ್ನು ನೋಡಬೇಕು. ಕೆಟ್ಟ ಎಸೆತಕ್ಕೆ ಒಳ್ಳೆಯ ಪಾಸ್ ಯಾರಿಂದಲೂ ಆಗದು.

ಐದನೆಯದು ಹಗ್ಗ ಹಾರುವುದು. ಮೂರು ಹಗ್ಗಗಳು, ಮೂರು ಜೋಡಿಗಳು. ಒಬ್ಬನು ಸುಮಾರು 30 ಸೆಕೆಂಡು ಹಾರುವಾಗ ಇನ್ನೊಬ್ಬನು ಎಣಿಸುತ್ತಾನೆ, ಅನಂತರ ಹಗ್ಗ ಕೈ ಬದಲಾಗುತ್ತದೆ. ಹಗ್ಗವನ್ನು ತಿರುಗಿಸುವುದು ಮಣಿಕಟ್ಟು. ನೆಗೆತ ಅಂಗೈಯಷ್ಟೂ ಎತ್ತರ ಬೇಡ. ಹಗ್ಗವಿಲ್ಲದೆಯೇ ತಾಳವನ್ನು ಮೊದಲು ನೆಗೆದು ತೋರಿಸಿದರೆ, ಕಾಲಿಗೆ ಹಗ್ಗ ತೊಡರುವ ಮಗುವಿಗೆ ದಾರಿ ಕಾಣುತ್ತದೆ.

ಕಾಲವಿಭಾಗ ಮತ್ತು ಸಂಚಾರ

ನಮ್ಮ ದೈಹಿಕ ಶಿಕ್ಷಣ ಕಾಲೇಜುಗಳಲ್ಲಿ ಕಲಿಸುವ ಪಾಠಯೋಜನೆಯಲ್ಲಿ ಸೇರುವಿಕೆ, ಪೀಠಿಕೆ, ಮುಖ್ಯ ಚಟುವಟಿಕೆ, ವಿನೋದದ ಆಟ, ಚದುರುವಿಕೆ ಎಂಬ ಭಾಗಗಳಿವೆ. ಕೇಂದ್ರ ಪಾಠ ಈ ಚೌಕಟ್ಟನ್ನು ಮುರಿಯುವುದಿಲ್ಲ, ಅದರ ಮಧ್ಯಭಾಗವನ್ನು ಮಾತ್ರ ಆಕ್ರಮಿಸುತ್ತದೆ. ಸೇರುವಿಕೆಗೂ ಹಾಜರಿಗೂ 4 ನಿಮಿಷ, ಮೈ ಬಿಸಿಮಾಡುವುದಕ್ಕೆ 5, ಎಲ್ಲರನ್ನೂ ಕೇಂದ್ರದಿಂದ ಕೇಂದ್ರಕ್ಕೆ ನಡೆಸಿ ತೋರಿಸುವುದಕ್ಕೆ 3, ನಾಲ್ಕು ನಿಮಿಷದ ಐದು ಅಭ್ಯಾಸಗಳಿಗೆ 20, ನಡುವಿನ ನಾಲ್ಕು ಬದಲಾವಣೆಗಳಿಗೆ ಅರ್ಧರ್ಧ ನಿಮಿಷದಂತೆ 2, ಕೊನೆಯ ಆಟಕ್ಕೆ 4, ಚದುರುವಿಕೆಗೆ 2, ಒಟ್ಟು 40.

ಸೀಟಿಯ ಭಾಷೆ ಸರಳವಾಗಿರಬೇಕು. ಮೊದಲನೆಯ ಸೀಟಿಗೆ ಅಭ್ಯಾಸ ನಿಲ್ಲುತ್ತದೆ, ಚೆಂಡುಗಳೂ ಹಗ್ಗಗಳೂ ನೆಲ ಸೇರುತ್ತವೆ, ಮಕ್ಕಳು ಮುಂದಿನ ಕೇಂದ್ರದ ಕಡೆಗೆ ತಿರುಗಿ ನಿಲ್ಲುತ್ತಾರೆ; ಎರಡನೆಯದಕ್ಕೆ ನಡೆಯುತ್ತಾರೆ; ಮೂರನೆಯದಕ್ಕೆ ಆರಂಭಿಸುತ್ತಾರೆ. ಸರಿಯುವುದು ಮಕ್ಕಳು, ಸಾಮಗ್ರಿಯಲ್ಲ. ಈ ನಿಯಮವೊಂದು ಸಡಿಲವಾದರೆ ಯಾವನೋ ಒಬ್ಬನು ಚೆಂಡನ್ನು ಕಂಕುಳಲ್ಲಿಟ್ಟುಕೊಂಡೇ ಮುಂದೆ ಹೋಗುತ್ತಾನೆ, ಹಿಂದೆ ಬಂದ ಗುಂಪು ಬರಿಗೈಯಲ್ಲಿ ನಿಲ್ಲುತ್ತದೆ.

ಕೇಂದ್ರಗಳ ಕ್ರಮವನ್ನು ದೇಹದ ದಣಿವನ್ನು ನೋಡಿ ನಿರ್ಧರಿಸಬೇಕು. ಖೋ ಕಾಲಿನ ಕೆಲಸ, ಎಸೆತ ಕೈಯದು, ಕಬಡ್ಡಿ ಕಾಲಿನದು, ವಾಲಿಬಾಲು ಮುಖ್ಯವಾಗಿ ಕೈಯದು, ಹಗ್ಗ ಮತ್ತೆ ಕಾಲಿನದು. ಐದು ಬೆಸಸಂಖ್ಯೆಯಾದುದರಿಂದ ಈ ಪರ್ಯಾಯ ವೃತ್ತವನ್ನು ಪೂರ್ಣವಾಗಿ ಮುಚ್ಚಲಾರದು. ಹಗ್ಗದಿಂದ ಖೋಗೆ ಬರುವ ಗುಂಪಿಗೆ ಕಾಲಿನ ಕೆಲಸ ಎರಡು ಸಲ ಅನುಕ್ರಮವಾಗಿ ಬಂದೇ ಬರುತ್ತದೆ. ಆ ಸಂಧಿಯನ್ನು ಅಲ್ಲಿಯೇ ಇರಿಸಿರುವುದಕ್ಕೆ ಕಾರಣವಿದೆ: ಖೋ ಕೇಂದ್ರದಲ್ಲಿ ಆರು ಮಂದಿಯಲ್ಲಿ ನಾಲ್ವರು ಯಾವಾಗಲೂ ಕುಳಿತಿರುತ್ತಾರೆ, ಉಸಿರು ಸುಧಾರಿಸಿಕೊಳ್ಳಲು ಅವಕಾಶ ದೊರೆಯುತ್ತದೆ. ಅದೇ ಸಂಧಿಯಲ್ಲಿ ಕಬಡ್ಡಿ ಇದ್ದಿದ್ದರೆ, ಹಗ್ಗ ಹಾರಿ ಏದುಸಿರು ಬಿಡುತ್ತ ಬಂದವನು ಉಸಿರು ಹಿಡಿಯಬೇಕಾದ ಪಾಠಕ್ಕೆ ನಿಲ್ಲಬೇಕಾಗುತ್ತಿತ್ತು.

ಮೂವತ್ತು ಎಂಬುದು ಹಾಜರಿಪುಸ್ತಕದ ಸಂಖ್ಯೆ; ಅಂಗಳಕ್ಕೆ ಬರುವವರು ಇಪ್ಪತ್ತೇಳು ಇರಬಹುದು. ಆಗ ಗುಂಪುಗಳನ್ನು ಒಡೆದು ಹೊಸದಾಗಿ ಕಟ್ಟದೆ, ಐವರಿರುವ ಗುಂಪು ಖೋ ಕೇಂದ್ರದಲ್ಲಿ ನೋಡುಗನಿಲ್ಲದೆ ಆಡಬೇಕೆಂದೂ, ಜೋಡಿಯ ಕೇಂದ್ರಗಳಲ್ಲಿ ಒಂದು ಜೋಡಿ ಮೂವರದಾಗಬೇಕೆಂದೂ ಮೊದಲೇ ತಿಳಿಸಿಡಬೇಕು. ನಲವತ್ತೈದು ಮಂದಿಯಾದರೆ ಗುಂಪುಗಳನ್ನು ಹಿಗ್ಗಿಸಬಾರದು. ಒಂಟಿಕಾಲಿನ ಸಮತೋಲ, ನಿಂತಲ್ಲಿಂದ ಉದ್ದಜಿಗಿತ, ಗೆರೆಯಿಂದ ಗೆರೆಗೆ ಓಟಗಳಂಥ, ಸಾಮಗ್ರಿ ಬೇಡದ ಕೇಂದ್ರಗಳನ್ನು ಸೇರಿಸಿ, ಅಂದು ಕಾಣದ ಕೇಂದ್ರಗಳನ್ನು ಮುಂದಿನ ಅವಧಿಗೆ ಉಳಿಸಿಕೊಳ್ಳಬೇಕು.

ಶಿಕ್ಷಕನ ಸ್ಥಾನ

ಚೆಂಡಿನಷ್ಟೇ ವಿರಳವಾದ ಇನ್ನೊಂದು ಸಾಮಗ್ರಿ ಶಿಕ್ಷಕನ ಕಣ್ಣು. ಅದನ್ನು ಐದು ಕೇಂದ್ರಗಳಿಗೂ ಸಮನಾಗಿ ಹಂಚಲು ಹೊರಟರೆ ಯಾವುದಕ್ಕೂ ಸಾಲದಾಗುತ್ತದೆ. ಆದುದರಿಂದ ಅಂದಿನ ಹೊಸ ಕೌಶಲ ಒಂದೇ ಇರಬೇಕು, ಶಿಕ್ಷಕನು ಅದರ ಬಳಿಯಲ್ಲಿರಬೇಕು. ಮಿಕ್ಕ ನಾಲ್ಕೂ ಹಿಂದಿನ ವಾರಗಳಲ್ಲಿ ಕಲಿಸಿ ಮುಗಿಸಿದವಾಗಿದ್ದು, ತಾವಾಗಿಯೇ ನಡೆಯುವಂತಿರಬೇಕು. ಐದೂ ಹೊಸದಾದ ಪಾಠವನ್ನು ಮೊದಲ ದಿನವೇ ಹೂಡಿದ ಶಿಕ್ಷಕನು ಕೇಂದ್ರದಿಂದ ಕೇಂದ್ರಕ್ಕೆ ವಿವರಿಸುತ್ತ ಓಡಾಡುವುದರಲ್ಲಿಯೇ ಅವಧಿಯನ್ನು ಕಳೆಯುತ್ತಾನೆ.

ನಿಲ್ಲುವ ಸ್ಥಳವೂ ಮುಖ್ಯ. ವಾಲಿಬಾಲ್ ಕೇಂದ್ರವನ್ನು ಕಾಂಪೌಂಡಿನ ಮೂಲೆಯಲ್ಲಿಟ್ಟು, ಶಿಕ್ಷಕನು ಗೋಡೆಗೆ ಬೆನ್ನುಮಾಡಿ ನಿಂತರೆ ಹತ್ತಿರದ ಆರು ಮಂದಿಯೂ ದೂರದ ಇಪ್ಪತ್ತನಾಲ್ವರೂ ಒಂದೇ ನೋಟಕ್ಕೆ ಸಿಗುತ್ತಾರೆ. ಅಂಗಳದ ನಡುವೆ ನಿಂತವನಿಗೆ ಅರ್ಧ ತರಗತಿ ಸದಾ ಬೆನ್ನ ಹಿಂದೆಯೇ ಇರುತ್ತದೆ. ಉಳಿದ ಕೇಂದ್ರಗಳಲ್ಲಿ ಶಿಕ್ಷಕನ ಪರವಾಗಿ ಮಾತನಾಡುವುದು ಕೆಲಸದ ಚೀಟಿ. ಚಪ್ಪಲಿಯ ಪೆಟ್ಟಿಗೆಯ ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ, ಏನು ಮಾಡಬೇಕು, ಜೊತೆಗಾರನು ಏನನ್ನು ನೋಡಬೇಕು, ಯಾವಾಗ ಬದಲಾಗಬೇಕು ಎಂಬ ಮೂರು ಸಾಲುಗಳನ್ನು ಬರೆದು ಬಾಟಲಿಗೋ ಗೋಡೆಗೋ ಒರಗಿಸಿಟ್ಟರೆ ಸಾಕು. ಮೂರು ಸಾಲನ್ನು ಮೀರಿದ ಚೀಟಿಯನ್ನು ಓದಲು ಮಕ್ಕಳಿಗೆ ವ್ಯವಧಾನವಿರುವುದಿಲ್ಲ.

ದೋಷಗಳೂ ಅವುಗಳ ಲಕ್ಷಣಗಳೂ

ಹೊರಗಿನಿಂದ ನೋಡುವವನಿಗೆ ಕೇಂದ್ರ ಪಾಠ ಯಾವಾಗಲೂ ಲವಲವಿಕೆಯಿಂದ ತುಂಬಿದಂತೆಯೇ ಕಾಣುತ್ತದೆ; ಅದರ ದೊಡ್ಡ ಅಪಾಯವೂ ಅದೇ. ಎಲ್ಲ ಕಡೆಯೂ ಸದ್ದು ಇರುವಾಗ ಕಲಿಕೆ ನಡೆಯುತ್ತಿಲ್ಲವೆಂಬುದು ಮರೆಯಾಗುತ್ತದೆ. ಮೂವರ ತಂಡದಲ್ಲಿ ಬಲಿಷ್ಠನಾದವನು ಪಾಸ್ ಮಾಡುವ ಸ್ಥಾನವನ್ನು ಬಿಟ್ಟುಕೊಡದೆ, ಇನ್ನೊಬ್ಬನನ್ನು ನಾಲ್ಕು ನಿಮಿಷವೂ ಚೆಂಡು ತರುವವನನ್ನಾಗಿಯೇ ಇಡಬಹುದು. ಹುಡುಗರೂ ಹುಡುಗಿಯರೂ ಕೂಡಿದ ಗುಂಪಿನಲ್ಲಿ ಹುಡುಗಿಯರು ಎಣಿಸುವ ಕೆಲಸಕ್ಕೇ ಸೀಮಿತರಾಗಬಹುದು. ಪಾತ್ರ ಬದಲಾವಣೆಯನ್ನು ಮಕ್ಕಳ ಔದಾರ್ಯಕ್ಕೆ ಬಿಡದೆ ಸಂಖ್ಯೆಗೆ ಕಟ್ಟಿಹಾಕಿರುವುದು ಇದಕ್ಕಾಗಿಯೇ.

ಪರೀಕ್ಷಿಸುವ ವಿಧಾನ ಸುಲಭವಾಗಿದೆ. ಅವಧಿ ಆರಂಭವಾಗುವ ಮುನ್ನ ಶಿಕ್ಷಕನು ತನ್ನ ಮನಸ್ಸಿನಲ್ಲಿಯೇ ಒಂದು ಮಗುವನ್ನು, ಚುರುಕಾದದ್ದನ್ನಲ್ಲ, ಗುಂಪಿನ ಅಂಚಿನಲ್ಲಿರುವಂಥದನ್ನು, ಆಯ್ದುಕೊಂಡು, ಆ ಮಗು ಪ್ರತಿಯೊಂದು ಕೇಂದ್ರದಲ್ಲಿ ಎಷ್ಟು ಸಲ ಪ್ರಯತ್ನಿಸಿತೆಂದು ಪುಸ್ತಕದ ಮೂಲೆಯಲ್ಲಿ ಗೀಟು ಹಾಕುತ್ತ ಹೋಗಬೇಕು. ವಾಲಿಬಾಲಿನಲ್ಲಿ ಹದಿಮೂರರ ಬದಲು ನಾಲ್ಕು ಗೀಟುಗಳಿದ್ದರೆ, ಕೇಂದ್ರದ ಹೆಸರಿನಲ್ಲಿ ಅಲ್ಲೊಂದು ಸಾಲು ಮತ್ತೆ ಹುಟ್ಟಿಕೊಂಡಿದೆಯೆಂದೇ ಅರ್ಥ. ಪ್ರತಿ ಅವಧಿಗೂ ಬೇರೆ ಮಗುವನ್ನು ಆಯ್ದರೆ, ಅರ್ಧ ವರ್ಷದೊಳಗೆ ಇಡೀ ತರಗತಿಯ ಅಂಚು ಶಿಕ್ಷಕನ ಕಣ್ಣಿಗೆ ಬಿದ್ದಿರುತ್ತದೆ.

ಇನ್ನುಳಿದ ದೋಷಗಳು ನೆಲಕ್ಕೆ ಸಂಬಂಧಿಸಿದವು. ಮಳೆ ಬಿದ್ದ ಬೆಳಿಗ್ಗೆ ಇಂಟರ್‌ಲಾಕ್ ಕಲ್ಲುಗಳ ಸಂದಿಯ ಪಾಚಿ ಜಾರುತ್ತದೆ. ಅಂದು ಖೋ ಕೇಂದ್ರದ ಬಾಟಲಿ ಸುತ್ತುವ ತಿರುವೇ ಮಕ್ಕಳನ್ನು ಬೀಳಿಸುವ ಸ್ಥಳ. ಆ ದಿನ ಸರಪಳಿಯನ್ನು ನಡಿಗೆಯಲ್ಲಿ ನಡೆಸಬೇಕು, ಅಥವಾ ಜಗಲಿಗೆ ಸರಿಸಬೇಕು. ಗೇಟಿನ ಬಳಿ ಚೆಂಡಿನ ಕೇಂದ್ರವನ್ನಿಟ್ಟರೆ, ಹೊರಳಿದ ಚೆಂಡಿನ ಹಿಂದೆ ಮಗುವೂ ಬೀದಿಗೆ ಹೊರಡುತ್ತದೆ. ಆದ್ದರಿಂದ ಗೇಟಿನ ಬದಿಗೆ ಹಗ್ಗದ ಕೇಂದ್ರವನ್ನಿಡುವುದು ಕ್ಷೇಮ.

ಮಿತಿಗಳು

ಈ ಪದ್ಧತಿ ಕೌಶಲದ ಬಿಡಿಭಾಗಗಳನ್ನು ಕಲಿಸಬಲ್ಲುದೇ ಹೊರತು ಆಟವನ್ನಲ್ಲ. ಚೌಕಗಳ ಸರಪಳಿಯಲ್ಲಿ ಖೋ ಎಂದು ನಿಷ್ಕೃಷ್ಟವಾಗಿ ಮುಟ್ಟುವ ಹುಡುಗಿಗೆ, ಎದುರಾಳಿ ಮೋಸದಿಂದ ದಿಕ್ಕು ಬದಲಿಸಿದಾಗ ಯಾರಿಗೆ ಖೋ ಕೊಡಬೇಕೆಂಬ ನಿರ್ಣಯದ ಅಭ್ಯಾಸ ಅಲ್ಲಿ ದೊರೆತಿರುವುದಿಲ್ಲ. ನಾಲ್ಕು ನಿಮಿಷವೆಂಬುದು ತೀರ ಹೊಸಬನಿಗೆ ಅಲ್ಪಕಾಲ. ಕೈ ಹದಕ್ಕೆ ಬರುವಷ್ಟರಲ್ಲಿಯೇ ಸೀಟಿ ಕೇಳಿಸುತ್ತದೆ. ಮೇಲೆ ತೋರಿಸಿದ ಗಣಿತದಂತೆ, ಎರಡು ಚೆಂಡುಗಳಿರುವವರೆಗೆ ಒಂದು ಅವಧಿಯಲ್ಲಿ ಹದಿಮೂರು ಪಾಸುಗಳನ್ನು ಮೀರಲು ಯಾವ ಯೋಜನೆಯಿಂದಲೂ ಸಾಧ್ಯವಿಲ್ಲ. ಹೆಚ್ಚು ಬೇಕಾದವನು ಚೆಂಡುಗಳನ್ನು ಹೆಚ್ಚಿಸಬೇಕು, ಇಲ್ಲವೆ ಅದೇ ಐದು ಕೇಂದ್ರಗಳನ್ನು ಹಲವು ಅವಧಿಗಳಲ್ಲಿ ಮರಳಿ ಹೂಡಬೇಕು.

ಆದಕಾರಣ ಅದೇ ವಿನ್ಯಾಸವನ್ನು ಮೂರು ವಾರ ಬದಲಿಸದೆ ನಡೆಸಿ, ಹೊಸ ಕೌಶಲದ ಸ್ಥಾನವನ್ನು ಮಾತ್ರ ಕೇಂದ್ರದಿಂದ ಕೇಂದ್ರಕ್ಕೆ ಸರಿಸುತ್ತ ಬಂದು, ನಾಲ್ಕನೆಯ ವಾರ ಸುಣ್ಣದ ಚೌಕಗಳನ್ನು ಎಂಟಕ್ಕೆ ಹೆಚ್ಚಿಸಿ, ಒಂದು ಪೂರ್ಣ ಖೋ ಖೋ ಆಟವನ್ನಾಡಿಸುವುದು ಹಿತಕರವಾದ ಕ್ರಮ. ಮೂವತ್ತು ಮಂದಿಯಲ್ಲಿ ಅಂದು ಆಡುವವರು ಎಂಟು ಮಂದಿ ಕುಳಿತವರು, ಒಬ್ಬ ಬೆನ್ನಟ್ಟುವವನು, ಮೂವರು ಓಡುವವರು, ಒಟ್ಟು ಹನ್ನೆರಡು. ಉಳಿದ ಹದಿನೆಂಟು ಮಂದಿ ಮತ್ತೆ ಕಾಯಬೇಕಾಗುತ್ತದೆ. ಆ ಹದಿನೆಂಟು ಮಂದಿಯನ್ನು ಆರಾರರಂತೆ ಮೂರು ಕೇಂದ್ರಗಳಿಗೆ ಕಳುಹಿಸಿ, ಆಟವನ್ನೇ ನಾಲ್ಕನೆಯ ಕೇಂದ್ರವನ್ನಾಗಿ ಪರಿಗಣಿಸಿ, ಎರಡೆರಡು ಗುಂಪುಗಳನ್ನು ಸರದಿಯಂತೆ ಅದಕ್ಕೆ ಇಳಿಸುವ ಶಿಕ್ಷಕನು ಪದ್ಧತಿಯ ಮಿತಿಯನ್ನು ಪದ್ಧತಿಯಿಂದಲೇ ದಾಟಿದವನಾಗುತ್ತಾನೆ.